ಏನೂ ಕೇಳದೆ ಸುಮ್ನೆ ಕೂತರೆ ಅದು ಪ್ರಾರ್ಥನೆಯಾ?

ಪ್ರಶ್ನೆ: ನನಗೆ 46 ವರ್ಷ, ಊರು ಕಲಬುರಗಿ. ನನ್ನ ಯಜಮಾನರು ಎರಡು ವರ್ಷ ಡಯಾಲಿಸಿಸ್ ಮೇಲಿದ್ದು ಎಂಟು ತಿಂಗಳ ಹಿಂದೆ ತೀರಿಕೊಂಡರು. ಅವರು ಗುಣವಾದರೆ ಘತ್ತರಗಿ ಭಾಗ್ಯವಂತಿಗೆ ದೀಡ ನಮಸ್ಕಾರ ಹಾಕುತ್ತೇನೆ ಅಂತ ಹರಕೆ ಹೊತ್ತಿದ್ದೆ. ಮುಡಿಪು ಇನ್ನೂ ಜಗಲಿ ಮೇಲೆ ಇದೆ. ಈಗ ದಿನಾ ಬೆಳಿಗ್ಗೆ ಇಷ್ಟಲಿಂಗ ಹಿಡಿದು ಕೂರುತ್ತೇನೆ, ಆದರೆ ಏನೂ ಕೇಳೋಕೆ ಬಾಯಿ ಬರೋದಿಲ್ಲ. ಕೆಲವು ದಿನ ಹಗುರ ಅನಿಸುತ್ತದೆ, ಕೆಲವು ದಿನ ಐಸಿಯು ಕಣ್ಮುಂದೆ ಬರುತ್ತದೆ. ಅತ್ತೆ, "ಹರಕಿ ತೀರಿಸಲಿಲ್ಲ, ಅದಕ್ಕ ದೇವಿ ಮುನಿಸ್ಯಾಳ" ಅನ್ನುತ್ತಾರೆ. ಮಗಳ ಪಿಯುಸಿ ಪರೀಕ್ಷೆಗೆ ಹೊಸ ಹರಕೆ ಹೊರು ಅಂತಲೂ ಹೇಳುತ್ತಾರೆ. ಓಣಿಯ ಒಬ್ಬರು, ಇರೋದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳು ಅನ್ನುತ್ತಾರೆ. ನನಗೆ ಎರಡೂ ಆಗುತ್ತಿಲ್ಲ. ನಾನು ಮಾಡುತ್ತಿರೋದು ಪ್ರಾರ್ಥನೆಯಾ, ಇಲ್ಲ ದೇವರನ್ನೇ ಬಿಟ್ಟುಬಿಟ್ಟಿದ್ದೀನಾ?

ಉತ್ತರ: ಮೊದಲು ಮುಡಿಪಿನ ವಿಷಯ ಮುಗಿಸಿಬಿಡೋಣ. ಅದು ಜಗಲಿ ಮೇಲೆ ಕೂತು ದಿನಾ ನಿಮ್ಮನ್ನು ನೋಡುತ್ತಿರುವಾಗ ಬೇರೆ ಮಾತು ತಲೆಗೆ ಹೋಗುವುದಿಲ್ಲ.

ಹರಕೆಯಲ್ಲಿ ಯಾವಾಗಲೂ ಒಂದು "ಆದರೆ" ಇರುತ್ತದೆ. ಗುಣವಾದರೆ ಬರ್ತೀನಿ, ಮಗು ಹುಟ್ಟಿದರೆ ತೊಟ್ಟಿಲು ಕಟ್ತೀನಿ, ಬೆಳೆ ಬಂದರೆ ಹೋಳಿಗೆ ನೈವೇದ್ಯ ಮಾಡ್ತೀನಿ. "ಆದರೆ" ಆದ ಮೇಲೆಯೇ ಸಾಲ ಹುಟ್ಟುತ್ತದೆ. ನಿಮ್ಮ ಯಜಮಾನರು ಗುಣವಾಗಲಿಲ್ಲ. ಹಾಗಾಗಿ ನೀವು ತೀರಿಸಬೇಕಾದ ಹರಕೆಯೇ ಇಲ್ಲ. ಇದು ನನ್ನ ಸಮಾಧಾನದ ಮಾತಲ್ಲ, ಹರಕೆಯ ಲೆಕ್ಕವೇ ಹಾಗೆ. ಇಸ್ಲಾಮಿನ ನಜ್ರ್ ಕೂಡ ಇದೇ ತರಹ. ಷರತ್ತು ಹಾಕಿ ಮಾತು ಕೊಟ್ಟಿದ್ದರೆ, ಆ ಷರತ್ತು ಈಡೇರಿದ ಮೇಲೆಯೇ ಅದು ಕಟ್ಟುಪಾಡಾಗುತ್ತದೆ ಅಂತ ಅವರ ಧರ್ಮಶಾಸ್ತ್ರ ಹೇಳುತ್ತದೆ. ನಿಮ್ಮ ಅತ್ತೆಯ ಮಾತಿನಲ್ಲಿ ಕ್ರಮವೂ ತಿರುಗಿದೆ ನೋಡಿ. ಮೊದಲು ಸಾವು ಬಂತು. ಹರಕೆ ತೀರದೆ ಉಳಿದಿದ್ದು ಆಮೇಲೆ. ಆಮೇಲಿನದು ಮೊದಲಿನದಕ್ಕೆ ಕಾರಣ ಆಗೋದು ಹೇಗೆ? ಆದರೆ ಇದನ್ನು ಅವರ ಮುಂದೆ ವಾದ ಮಾಡಿ ಗೆಲ್ಲಲು ಹೋಗಬೇಡಿ. ಅವರು ಮಗನನ್ನು ಕಳೆದುಕೊಂಡವರು. ಕಾರಣ ಒಂದು ಸಿಕ್ಕರೆ ಸಾಕು ಅನ್ನುವ ಸ್ಥಿತಿಯಲ್ಲಿ ಅವರಿದ್ದಾರೆ.

ಮುಡಿಪಿನ ದುಡ್ಡನ್ನು ಭಾಗ್ಯವಂತಿಯ ಹುಂಡಿಗೆ ಹಾಕಬಹುದು, ಶರಣಬಸವೇಶ್ವರ ಅಪ್ಪನ ಗುಡಿಯ ದಾಸೋಹಕ್ಕೂ ಕೊಡಬಹುದು. ಯಾವುದಾದರೂ ನಡೆಯುತ್ತದೆ. ದೀಡ ನಮಸ್ಕಾರವನ್ನೂ ಹಾಕಿಯೇ ಬಿಡಲೇ ಅಂತ ಮನಸ್ಸು ಎಳೆದರೆ ಒಂದೇ ಎಚ್ಚರ ಇರಲಿ. ಹೆದರಿಕೆಯಿಂದ ತೀರಿಸಿದ ಹರಕೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಯಾವುದೋ ಬಾಕಿ ಉಳಿದಿದೆ ಅನಿಸೋಕೆ ಶುರುವಾಗುತ್ತದೆ.

ಈಗ ಬೇಡಿಕೆಯ ಪ್ರಾರ್ಥನೆಗೆ ಬರೋಣ. ನಾನು ಧರ್ಮಗಳ ಅಧ್ಯಯನ ಕಲಿಸಿದವಳು, ಜೊತೆಗೆ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಆಪ್ತಸಮಾಲೋಚನೆ ಮಾಡುತ್ತೇನೆ. ಐಸಿಯು ಹೊರಗಿನ ಬೆಂಚಿನ ಮೇಲೆ ಬೇಡಿಕೊಳ್ಳದವರು ಬಹಳ ಕಮ್ಮಿ. ಒಬ್ಬರ ಕೈಯಲ್ಲಿ ತಸ್ಬೀಹ್, ಇನ್ನೊಬ್ಬರ ಕೈಯಲ್ಲಿ ವಿಭೂತಿ ಗಟ್ಟಿ, ಮತ್ತೊಬ್ಬರ ಮಡಿಲಲ್ಲಿ ಬೈಬಲ್. ಎಲ್ಲರೂ ಕೇಳುವುದು ಒಂದೇ, ಬದುಕಿಸು. ಆದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಮಾತಾಡಿಸಿದರೆ ಆ ಒಂದು ಬೇಡಿಕೆಯ ಕೆಳಗೆ ಇನ್ನೂ ಎರಡು ಇರುವುದು ಗೊತ್ತಾಗುತ್ತದೆ. ಒಂದು, ನನ್ನ ಸಂಕಟ ಯಾರಾದರೂ ಕೇಳಿಸಿಕೊಳ್ಳಲಿ ಅನ್ನೋದು. ಇನ್ನೊಂದು, ನನ್ನ ಕೈಯಲ್ಲಿ ಏನಾದರೂ ಮಾಡೋಕೆ ಇರಲಿ ಅನ್ನೋದು. ಡಾಕ್ಟರಿಗೆ ಮಾಡುವ ಕೆಲಸ ಇದೆ, ನರ್ಸಿಗೆ ಇದೆ. ಹೆಂಡತಿಗೆ ಕಾಯೋದು ಬಿಟ್ಟು ಏನಿದೆ? ಹರಕೆ ಆ ಖಾಲಿ ಕೈಗೆ ಕೆಲಸ ಕೊಡುತ್ತದೆ. ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ಉಳಿದಿದೆ, ದಡ್ಡತನದಿಂದಲ್ಲ.

ಇದರ ಅಪಾಯ ಬೇಡಿದ್ದು ಆಗದೇ ಹೋದಾಗ ಹೊರಗೆ ಬರುತ್ತದೆ. ನಾನು ಸರಿಯಾಗಿ ಬೇಡಲಿಲ್ಲವೇನೋ, ಭಕ್ತಿ ಸಾಲಲಿಲ್ಲವೇನೋ, ಇನ್ನೊಂದು ಅಮಾವಾಸ್ಯೆ ಹೋಗಿದ್ದರೆ ಉಳಿಯುತ್ತಿದ್ದರೇನೋ. ನೀವು ಬರೆದಿಲ್ಲ, ಆದರೆ ಈ ಲೆಕ್ಕ ನಿಮ್ಮೊಳಗೂ ಓಡುತ್ತಿರಬಹುದು.

ಈ ಲೆಕ್ಕವನ್ನು ನಿಜಕ್ಕೂ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್‌ಗೆ ಬಂದ 1802 ರೋಗಿಗಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ, ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಅಂತ ಹೇಳಿದರು. ಅವುಗಳಲ್ಲಿ ಒಂದಕ್ಕೆ ಮಾತ್ರ ನಿಜವಾಗಿ ಪ್ರಾರ್ಥನೆ ನಡೆಯಿತು. ಮೂರನೆಯ ಗುಂಪಿಗೆ, ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ ಅಂತಲೇ ಹೇಳಿ ಹಾಗೇ ಮಾಡಿಸಿದರು. ಕ್ರೈಸ್ತ ಪ್ರಾರ್ಥನಾ ಗುಂಪುಗಳು ರೋಗಿಯ ಹೆಸರು ಹಿಡಿದು 14 ದಿನ ಬೇಡಿದವು. ಫಲಿತಾಂಶ 2006ರಲ್ಲಿ ಬಂತು. ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ 52% ಮಂದಿಗೆ ಆಪರೇಷನ್ ನಂತರ ಏನಾದರೊಂದು ತೊಂದರೆ ಆಯಿತು. ಪ್ರಾರ್ಥನೆ ಇಲ್ಲದವರಲ್ಲಿ 51%. ನಿಮಗಾಗಿ ಖಂಡಿತ ಬೇಡುತ್ತಿದ್ದಾರೆ ಅಂತ ಗೊತ್ತಿದ್ದವರಲ್ಲಿ 59%.

ಇದರಿಂದ ದೇವರಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಿಗುವ ವಿಷಯವೂ ಅಲ್ಲ. ಗೊತ್ತಾಗುವುದು ಇಷ್ಟು: ಪ್ರಾರ್ಥನೆ ಜಾಸ್ತಿ ಸಿಕ್ಕವರು ಜಾಸ್ತಿ ಉಳಿಯುತ್ತಾರೆ ಅನ್ನುವ ಲೆಕ್ಕಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಆ ಮೂರನೆಯ ಗುಂಪಿನವರಿಗೆ ಯಾಕೆ ಜಾಸ್ತಿ ತೊಂದರೆಯಾಯಿತು? ನನ್ನ ಕಾಯಿಲೆ ಅಷ್ಟು ಕೆಟ್ಟಿದೆಯಾ, ಜನ ಕರೆಸಿ ಪ್ರಾರ್ಥನೆ ಮಾಡಿಸೋ ಹಾಗಾಯ್ತಾ ಅಂತ ಹೆದರಿರಬಹುದು ಅಂತ ಅಧ್ಯಯನ ಮಾಡಿದವರೇ ಊಹಿಸಿದರು. ಅದೂ ಊಹೆ ಅಷ್ಟೇ. ನಿಮ್ಮ ಮಟ್ಟಿಗೆ ಇದರಿಂದ ತೆಗೆದುಕೊಳ್ಳಬೇಕಾದ್ದು ಒಂದೇ ಮಾತು. ನೀವು ಇನ್ನಷ್ಟು ಬೇಡಿದ್ದರೆ ಅವರು ಉಳಿಯುತ್ತಿದ್ದರು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ.

ಧರ್ಮಗಳ ಒಳಗೂ ಈ ಲೆಕ್ಕವನ್ನು ಒಪ್ಪದ ದನಿ ಹಳೆಯದು. ಬೀದರಿನ ಚರ್ಚುಗಳಲ್ಲಿ ಗುಡ್ ಫ್ರೈಡೇ ಹೊತ್ತಿಗೆ ಓದುವ ಪ್ರಸಂಗವನ್ನೇ ತಗೊಳ್ಳಿ. ಹಿಡಿದುಕೊಡುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಈ ಸಂಕಟ ತಪ್ಪಿಸು ಅಂತ ನೇರವಾಗಿ ಬೇಡುತ್ತಾನೆ. ಆದರೂ ನನ್ನ ಇಷ್ಟವಲ್ಲ, ನಿನ್ನ ಇಷ್ಟ ಆಗಲಿ ಅಂತ ಸೇರಿಸುತ್ತಾನೆ. ಸಂಕಟ ತಪ್ಪಲಿಲ್ಲ. ಆತನ ಭಕ್ತಿ ಸಾಲದೆ ಹೀಗಾಯಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇನ್ನು ಓಣಿಯವರು ಹೇಳಿದ ಥ್ಯಾಂಕ್ಸ್. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಎಂಟು ತಿಂಗಳಿಗೆ ಹೇಳುವ ಮಾತು ಅದಲ್ಲ. "ಮಗಳಾದರೂ ಇದ್ದಾಳಲ್ಲ, ಅದಕ್ಕೆ ಋಣಿಯಾಗಿರು" ಅನ್ನೋದರಲ್ಲಿ ಕೃತಜ್ಞತೆಗಿಂತ ಸುಮ್ನಿರು ಅನ್ನುವ ದನಿ ಜಾಸ್ತಿ. ಅಂಥ ಒತ್ತಾಯದಿಂದ ಬಾಯಲ್ಲಿ ಮಾತು ಬರುತ್ತದೆ, ಒಳಗೆ ಸಿಟ್ಟು ಉಳಿಯುತ್ತದೆ.

ಕೃತಜ್ಞತೆಯ ಪ್ರಾರ್ಥನೆಯಲ್ಲಿ ಜನ ಹುಡುಕುವುದೇ ಬೇರೆ. ಸಿಕ್ಕಿದ್ದು ಸುಮ್ನೆ ಸಿಕ್ಕಿದ್ದಲ್ಲ, ಯಾರೋ ಕೊಟ್ಟಿದ್ದು ಅಂತ ಒಪ್ಪಿಕೊಳ್ಳುವ ಆಸೆ ಅದು. ಕೊಟ್ಟವರಿಗೆ ಏನಾದರೂ ತಿರುಗಿಸುವ ಆಸೆಯೂ ಇದೆ. ನಮ್ಮ ಕಡೆ ಅದು ಬಾಯಿಂದ ಬರುವುದಕ್ಕಿಂತ ಕೈಯಿಂದ ಬರುವುದು ಹೆಚ್ಚು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ಎಡೆ ಮಾಡಿ ಬೆಳೆಯೊಳಗೆ ನಡೆಯುತ್ತಾ ಚರಗ ಚೆಲ್ಲುತ್ತೇವಲ್ಲ, ಅಲ್ಲಿ ಮಂತ್ರ ಹೇಳುವವರು ಯಾರು? ಇನ್ನೊಂದು ಮಾತು. ಆ ಹೊತ್ತಿಗೆ ಹಿಂಗಾರಿ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ರಾಶಿ ಆಗಿಲ್ಲ, ದುಡ್ಡು ಬಂದಿಲ್ಲ, ಆಗಲೇ ಭೂಮಿಗೆ ಉಣಿಸುತ್ತೇವೆ. ಹಾಗಾಗಿ ಅದು ಥ್ಯಾಂಕ್ಸೂ ಹೌದು, ಕಾಪಾಡು ಅನ್ನುವ ಬೇಡಿಕೆಯೂ ಹೌದು. ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುತ್ತಾರೆ. ಹೊಲದಲ್ಲಿ ಅವು ಒಟ್ಟಿಗೇ ಇರುತ್ತವೆ.

ನೀವು ಯಾವತ್ತಾದರೂ ಕೃತಜ್ಞತೆಗೆ ಮರಳುವುದಾದರೆ ದೊಡ್ಡ ಮಾತಿನಿಂದ ಶುರು ಮಾಡಬೇಡಿ. ಬದುಕಿಗೆ ಋಣಿ, ಎಲ್ಲದಕ್ಕೂ ಋಣಿ ಅನ್ನುವುದು ದುಃಖದಲ್ಲಿರುವವರ ಬಾಯಲ್ಲಿ ಸುಳ್ಳಾಗಿ ಕೇಳುತ್ತದೆ. ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬರುತ್ತಿದ್ದರು. ಅವರ ಅಪ್ಪನಿಗೂ ಡಯಾಲಿಸಿಸ್ ಇತ್ತು. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಾಗ ಆಕೆ ನೆನೆಸಿಕೊಂಡಿದ್ದು ಒಬ್ಬ ಟೆಕ್ನಿಷಿಯನ್‌ನನ್ನು. ಆ ಹುಡುಗ ಪ್ರತಿ ಸಲ ಸೂಜಿ ಹಾಕುವ ಮುಂಚೆ ಅಪ್ಪನ ತೋಳಿನಲ್ಲಿ ರಕ್ತನಾಳ ಜೋಡಿಸಿದ್ದ ಫಿಸ್ಟುಲಾ ಮೇಲೆ ಎರಡು ಬೆರಳಿಟ್ಟು, ಒಳಗಿನ ರಕ್ತದ ಝುಮ್ಮನೆಯ ಹರಿವು ಸಿಗುವವರೆಗೂ ಕಾಯುತ್ತಿದ್ದ. ಆಮೇಲೆ, "ಕಾಕಾ, ಈಗ ಚುಚ್ತೀನ್ರಿ" ಅಂತ ಹೇಳಿಯೇ ಚುಚ್ಚುತ್ತಿದ್ದ. ಆಕೆ ಮೊದಲು ದೇವರಿಗೆ ಥ್ಯಾಂಕ್ಸ್ ಹೇಳಿದ್ದು ಆ ಎರಡು ಬೆರಳಿಗಾಗಿ. ಅಪ್ಪ ಸತ್ತಿದ್ದಕ್ಕೆ ಅರ್ಥ ಹುಡುಕುವ ಗೋಜಿಗೇ ಹೋಗಲಿಲ್ಲ. ಇಷ್ಟು ಚಿಕ್ಕದಾಗಿ, ಇಷ್ಟು ನಿರ್ದಿಷ್ಟವಾಗಿ ಬಂದರೆ ಮಾತ್ರ ಅದು ನಿಲ್ಲುತ್ತದೆ. ಬರದಿದ್ದರೆ ಬಿಡಿ. ಅವಸರ ಇಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಮಾತಿಲ್ಲದ ಕೂರುವಿಕೆ.

ಬೇಡಿಕೆಯಲ್ಲಿ ಏನೋ ಬದಲಾಗಬೇಕು. ಕೃತಜ್ಞತೆಯಲ್ಲಿ ಸಿಕ್ಕಿದ್ದನ್ನು ಒಪ್ಪಿಸಬೇಕು. ಮಾತಿಲ್ಲದ ಪ್ರಾರ್ಥನೆಯಲ್ಲಿ ಜನ ಹುಡುಕುವುದು ಬರೀ ಜೊತೆ. ಯಾವ ವ್ಯವಹಾರವೂ ಇಲ್ಲದೆ ಒಬ್ಬರ ಮುಂದೆ ಇರೋದು. ಫಲ ಏನು ಬಂತು ಅನ್ನುವ ಬೇಡಿಕೆಯ ಅಳತೆಯಿಂದ ಇದನ್ನು ಅಳೆದರೆ ಸೊನ್ನೆಯೇ ಸಿಗುತ್ತದೆ. ನೀವು ಮಾಡುತ್ತಿರುವುದು ಅದೇ, ಅದಕ್ಕೇ ದೇವರನ್ನು ಬಿಟ್ಟೆನಾ ಅನ್ನುವ ಅನುಮಾನ. ಹಾಗಂತ ಇದು ಮೇಲಿನ ಮೆಟ್ಟಿಲು, ಬೇಡುವವರು ಕೆಳಗಿನವರು ಅಂತ ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಮೌನವಾಗಿ ಕೂತವರು ಮಗುವಿಗೆ ಜ್ವರ ಬಂದ ರಾತ್ರಿ ಚಿಕ್ಕವರ ಹಾಗೆ ಬೇಡುತ್ತಾರೆ. ಅದು ಬೀಳುವುದಲ್ಲ.

ನೀವು ಕೂರುವ ರೀತಿ ಈ ಊರಿಗೆ ಹೊಸದೂ ಅಲ್ಲ. ಬಂದೇ ನವಾಜರು ಸೇರಿದ ಚಿಶ್ತಿ ಪರಂಪರೆಯಲ್ಲಿ ಹಾಡೂ ಇದೆ, ದೇವರ ಹೆಸರನ್ನು ದನಿ ಎತ್ತಿ ಜಪಿಸುವ ಜಿಕ್ರ್ ಕೂಡ ಇದೆ. ಅವುಗಳ ಜೊತೆಗೆ ಕಣ್ಣು ಮುಚ್ಚಿ ಗಮನವಿಟ್ಟು ಕೂರುವ ಮುರಾಖಬಾ ಕೂಡ ಇದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವುದು ಲಿಂಗಾಯತರ ಮುಖ್ಯ ಸಾಧನೆ. ಅಲ್ಲಿ ಬೇಡಿಕೆ ಕಡ್ಡಾಯ ಅಂತ ಯಾರೂ ಹೇಳಿಲ್ಲ.

ಆದರೂ ಸುಮ್ಮನಿರೋದೆಲ್ಲ ಪ್ರಾರ್ಥನೆ ಅಲ್ಲ. ದುಃಖದಲ್ಲಿ ಮನಸ್ಸು ಮರಗಟ್ಟಿದಾಗಲೂ ಮಾತು ನಿಲ್ಲುತ್ತದೆ. ಎರಡನ್ನೂ ಬೇರೆ ಮಾಡೋದು ಹೇಗೆ? ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತಿ ಉಪಯುಕ್ತ ಉತ್ತರ ಕೊಟ್ಟವರು 16ನೇ ಶತಮಾನದ ಸ್ಪೇನಿನ ಕ್ರೈಸ್ತ ಸನ್ಯಾಸಿ ಜಾನ್ ಆಫ್ ದ ಕ್ರಾಸ್. ಅವರು ಮೂರು ಗುರುತು ಹೇಳಿದರು. ಒಂದು, ಮೊದಲು ಮಾತಿನಿಂದ, ಕಲ್ಪನೆಯಿಂದ ನಡೆಯುತ್ತಿದ್ದ ಪ್ರಾರ್ಥನೆ ಈಗ ನಡೆಯುವುದಿಲ್ಲ. ಎರಡು, ಹಾಗಂತ ಮನಸ್ಸನ್ನು ಬೇರೆ ಯಾವುದಾದರೂ ವಿಷಯದ ಮೇಲೆ ಇಡುವ ಆಸೆಯೂ ಇಲ್ಲ. ಮೂರು, ಒಂಟಿಯಾಗಿ, ಪ್ರೀತಿಯ ಗಮನದಿಂದ ಸುಮ್ನೆ ಅಲ್ಲಿರೋದು ಹಿತವಾಗಿದೆ. ಮೂರನೆಯದೇ ಎಲ್ಲಕ್ಕಿಂತ ಖಚಿತ ಅಂದರು. ಮೂರೂ ಒಟ್ಟಿಗೆ ಇರಬೇಕು ಅಂತಲೂ ಹೇಳಿದರು. ಮೊದಲನೆಯದು ಮಾತ್ರ ಇದ್ದರೆ ಅದು ಮನಸ್ಸಿನ ಚಂಚಲತೆ, ಉದಾಸೀನ ಇರಬಹುದು. ಮೊದಲ ಎರಡೇ ಇದ್ದರೆ ಮನಸ್ಸಿನ ಕಾಯಿಲೆಯೂ ಆಗಿರಬಹುದು. ಆ ಕಾಲದಲ್ಲೇ ಅವರಿಗೆ ಈ ಅನುಮಾನ ಇತ್ತು.

ನಿಮ್ಮ ಪತ್ರವನ್ನು ಇದಕ್ಕೆ ಹಚ್ಚಿ ನೋಡೋಣ. ಬೇಡಲು ಬಾಯಿ ಬರೋದಿಲ್ಲ, ಮೊದಲ ಗುರುತು ಇದೆ. ಎರಡನೆಯದು ಪತ್ರದಿಂದ ಗೊತ್ತಾಗುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಕೂತಾಗ ಟಿವಿ, ಫೋನು, ಹಳೆಯ ಜಗಳ, ಇವುಗಳ ಕಡೆ ಮನಸ್ಸು ತಾನಾಗಿ ಓಡಿ ಅಲ್ಲೇ ಇರಲು ಬಯಸುತ್ತದಾ? ಮೂರನೆಯದು ಕೆಲವು ದಿನ ಇದೆ, ಕೆಲವು ದಿನ ಇಲ್ಲ. ಹಗುರ ಅನಿಸಿದ ದಿನಗಳದ್ದು ಪ್ರಾರ್ಥನೆಯೇ, ನನಗೆ ಅನುಮಾನ ಇಲ್ಲ. ಐಸಿಯು ಕಣ್ಮುಂದೆ ಬರುವ ದಿನಗಳದ್ದು ದುಃಖ. ಅದನ್ನು ಪ್ರಾರ್ಥನೆ ಅಂತ ಹೆಸರಿಟ್ಟು ಸಹಿಸಿಕೊಂಡು ಕೂರಬೇಡಿ.

ಕೂರುವುದರ ಬಗ್ಗೆ ಒಂದೆರಡು ಮಾತು. 15 ನಿಮಿಷ ಸಾಕು. ದೀಪವನ್ನು ನಿಮ್ಮ ಬೆನ್ನ ಹಿಂದೆ ಪಕ್ಕಕ್ಕೆ ಇಟ್ಟರೆ ಲಿಂಗದ ಕಪ್ಪು ಹೊಳಪಿನ ಮೇಲೆ ಬೆಳಕಿನ ಸಣ್ಣ ಚುಕ್ಕೆ ಬೀಳುತ್ತದೆ. ಕಣ್ಣು ಅರ್ಧ ತೆರೆದು ಆ ಚುಕ್ಕೆಯನ್ನೇ ನೋಡಿ. ಕಣ್ಣು ಮುಚ್ಚುವುದಕ್ಕಿಂತ ನಿಮಗೆ ಇದು ಒಳ್ಳೆಯದು, ಯಾಕೆಂದರೆ ಮುಚ್ಚಿದ ಕಣ್ಣಿನಲ್ಲೇ ಆಸ್ಪತ್ರೆಯ ಚಿತ್ರಗಳು ಬೇಗ ಬರುತ್ತವೆ. ಚಿತ್ರ ಬಂದೇ ಬಂತು ಅಂದರೆ ಓಡಿಸಲು ಗುದ್ದಾಡಬೇಡಿ. ಕಣ್ಣು ಪೂರ್ತಿ ತೆರೆಯಿರಿ. ಅಂಗೈ ಮೇಲಿನ ಲಿಂಗದ ಭಾರ ಗಮನಿಸಿ. ಆಮೇಲೆ ಓಂ ನಮಃ ಶಿವಾಯ ಅಂತ ಬಾಯಿಬಿಟ್ಟು ನಿಧಾನವಾಗಿ ಹತ್ತು ಸಲ ಹೇಳಿ. ನಿಧಾನ ಅನ್ನೋದಕ್ಕೆ ಕಾರಣ ಇದೆ. 2001ರಲ್ಲಿ ಇಟಲಿಯ ವೈದ್ಯರು ರೋಸರಿ ಪ್ರಾರ್ಥನೆಯನ್ನೂ ಒಂದು ಬೌದ್ಧ ಮಂತ್ರವನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು. ಹೃದಯದ ಬಡಿತ ಮತ್ತು ರಕ್ತದೊತ್ತಡದ ಏರಿಳಿತವೂ ಅದರ ಜೊತೆ ಹೊಂದಿಕೊಳ್ಳುತ್ತಿತ್ತು. ಅಂದರೆ ಹಗುರ ಅನಿಸುವುದರಲ್ಲಿ ಒಂದು ಪಾಲು ಉಸಿರಿನದ್ದು. ಅದನ್ನು ಒಪ್ಪಿಕೊಂಡರೆ ಭಕ್ತಿಗೆ ಏನೂ ನಷ್ಟ ಇಲ್ಲ. ಹಗುರ ಅನಿಸದ ದಿನ ಭಕ್ತಿ ಹೋಯಿತು ಅಂತ ಹೆದರಬೇಕಾಗಿಯೂ ಇಲ್ಲ.

ಐಸಿಯು ದೃಶ್ಯ ವಾರದಲ್ಲಿ ಮೂರು ನಾಲ್ಕು ದಿನ ಬರುತ್ತಿದ್ದರೆ ಕೂರುವ ಸಮಯ ಹೆಚ್ಚಿಸಬೇಡಿ, ಐದು ನಿಮಿಷಕ್ಕೆ ಇಳಿಸಿ. ಇನ್ನೂ ಜಾಸ್ತಿ ಧ್ಯಾನ ಮಾಡು, ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಾಯ ಹಸಿ ಇರುವಾಗ ಉದ್ದನೆಯ ಮೌನ ಕೆಲವರಿಗೆ ಕೆಟ್ಟದ್ದೇ ಮಾಡುತ್ತದೆ. ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದೂ ಬೇಡ ಅನಿಸುತ್ತಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದಿದ್ದರೂ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ, ಸಿಟ್ಟು. ಎರಡು ವರ್ಷ ಬೇಡಿಯೂ ಯಜಮಾನರನ್ನು ಕಳೆದುಕೊಂಡವರಿಗೆ ದೇವರ ಮೇಲೆ ಸಿಟ್ಟು ಬಂದಿಲ್ಲ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಕೆಲವರ ಮೌನದ ಕೆಳಗೆ ಇದೇ ಇರುತ್ತದೆ. ಬೈಯುವುದೂ ಪ್ರಾರ್ಥನೆಯೇ. ನಮ್ಮಲ್ಲಿ ನಿಂದಾಸ್ತುತಿ ಇದೆ, ಬೈಬಲ್ಲಿನ ಕೀರ್ತನೆಗಳಲ್ಲಿ ಬಹಳಷ್ಟು, ಯಾಕೆ ನನ್ನನ್ನು ಬಿಟ್ಟೆ ಅನ್ನುವ ಜಗಳವೇ. ಒಂದು ದಿನ ಬಾಯಿ ಬಂದು ಕೇಳಿದ್ದು ಇದೇ ಆದರೆ ತಡೆಯಬೇಡಿ.

ಇನ್ನು ಮಗಳ ಪರೀಕ್ಷೆ. ನೀವು ಹರಕೆ ಹೊರಬೇಕಿಲ್ಲ. ಅತ್ತೆಗೆ ಹೊರಬೇಕು ಅನಿಸಿದರೆ ಅವರ ಹೆಸರಿನಲ್ಲಿ, ಅವರ ಕೈಲಾಗುವಷ್ಟರ ಹರಕೆ ಅವರೇ ಹೊರಲಿ. ಮೊಮ್ಮಗಳಿಗಾಗಿ ಅವರಿಗೂ ಕೈಗೊಂದು ಕೆಲಸ ಬೇಕು. ಅದನ್ನು ಕಿತ್ತುಕೊಳ್ಳಬೇಡಿ. ಎರಡು ಮಾತು ಮಾತ್ರ ಮೊದಲೇ ಹೇಳಿಡಿ. ದೀಡ ನಮಸ್ಕಾರ ಮಗಳ ಮೇಲೆ ಹೊರಿಸುವುದು ಬೇಡ. ಮಾರ್ಕ್ಸ್ ಕಮ್ಮಿ ಬಂದರೆ ಅಮ್ಮ ಬೇಡಲಿಲ್ಲ, ಅದಕ್ಕೇ ಹೀಗಾಯಿತು ಅನ್ನುವ ಮಾತು ಆ ಹುಡುಗಿಯ ಕಿವಿಗೆ ಬೀಳಬಾರದು. ಅಪ್ಪ ಹೋದ ವರ್ಷವೇ ಆಕೆ ಪರೀಕ್ಷೆ ಬರೆಯುತ್ತಿದ್ದಾಳೆ, ಮಾರ್ಕ್ಸ್ ಸ್ವಲ್ಪ ಇಳಿದರೆ ಅದಕ್ಕೆ ಅಷ್ಟೇ ಕಾರಣ ಸಾಕು. ನಿಮಗೇ ಏನಾದರೂ ಕೇಳಬೇಕು ಅನಿಸಿದರೆ ಕೊಡುಕೊಳ್ಳುವ ಮಾತಿಲ್ಲದೆ ಕೇಳಿ. ಓದಿದ್ದು ನೆನಪಿಗೆ ಬರಲಿ, ಕೈ ನಡುಗದಿರಲಿ, ಅಷ್ಟೇ. ಅಷ್ಟೂ ಬಾಯಿಗೆ ಬರದಿದ್ದರೆ ಪರೀಕ್ಷೆಯ ದಿನವೂ ಎಂದಿನ ಹಾಗೆ 15 ನಿಮಿಷ ಕೂತು ಎದ್ದು ಅವಳಿಗೆ ನಾಷ್ಟಾ ಮಾಡಿಕೊಡಿ.